ದೊಡ್ಡಮ್ಮನಿಗೆ, ಆ ಸೊಪ್ಪಿನಜ್ಜಿ ಫೋಟೋ ವಿಷಯ

ದೊಡ್ಡಮ್ಮ, ನಮಸ್ಕಾರ. ಇದನ್ನು ಮನೆಯವರ ಗ್ರೂಪಲ್ಲಿ ಹಾಕಿಲ್ಲ, ನಿಮಗೊಬ್ಬರಿಗೇ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಯಿತು. ಊಟ ಆದಮೇಲೆ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿ. ಫೋನಲ್ಲೇ ಹೇಳೋಣ ಅಂದುಕೊಂಡಿದ್ದೆ. ಆದರೆ ನಿಮ್ಮ ದನಿ ಕೇಳಿದರೆ ಅರ್ಧಕ್ಕೇ ನಿಲ್ಲಿಸಿಬಿಡುತ್ತೇನೆ, ನನಗೆ ಗೊತ್ತು.

ಗುರುವಾರ ನೀವು ಗುಬ್ಬಿಯಿಂದ ಬಸ್ ಹತ್ತಿ ತುಮಕೂರಿಗೆ ಬಂದಿದ್ದಿರಂತೆ. ಬೀದಿ ದೀಪದ ಕೆಳಗೆ ಸೊಪ್ಪು ಮಾರುವ ಅಜ್ಜಿ, ಜೊತೆಗೆ ಓದುತ್ತಾ ಕೂತ ಮೊಮ್ಮಗಳು, ಆ ಫೋಟೋ ತೋರಿಸಿ ಈ ಮಗು ಎಲ್ಲಿ ಎಂದು ಬಸ್ ಸ್ಟ್ಯಾಂಡ್ ಸುತ್ತ ಸೊಪ್ಪು ಮಾರುವವರನ್ನೆಲ್ಲ ಕೇಳಿದಿರಂತೆ. ಕೈಯಲ್ಲಿ ಚೀಲ, ಅದರಲ್ಲಿ ನೋಟ್‌ಬುಕ್, ಪೆನ್ನು, ಒಂದು ಸ್ವೆಟರ್. ಅಣ್ಣ ಹೇಳಿದ. ನನ್ನ ಅಂಗಡಿ ಅಲ್ಲಿಂದ ಹತ್ತು ನಿಮಿಷದ ದಾರಿ, ಒಂದು ಫೋನ್ ಮಾಡಬಾರದಿತ್ತಾ? ಕೇಳಿದಾಗಿನಿಂದ ಮನಸ್ಸು ಒಂದು ಥರ ಆಗಿದೆ.

ದೊಡ್ಡಮ್ಮ, ಆ ಮಗು ಸಿಗಲಿಲ್ಲ, ಯಾಕೆಂದರೆ ಆ ಮಗು ಇಲ್ಲ. ಆ ಅಜ್ಜಿಯೂ ಇಲ್ಲ. ಅದು ಯಾರೂ ತೆಗೆದ ಫೋಟೋ ಅಲ್ಲ, ಕಂಪ್ಯೂಟರ್ ತಯಾರಿಸಿದ ಚಿತ್ರ. ಎಐ ಅನ್ನುತ್ತಾರಲ್ಲ, ಅದು. ನಮ್ಮ ಫ್ಲೆಕ್ಸ್ ಅಂಗಡಿಗೆ ಇಂಥ ಚಿತ್ರಗಳು ದಿನಾ ಬರುತ್ತವೆ. ಅದಕ್ಕೇ ನೋಡಿದ ತಕ್ಷಣ ಅನುಮಾನ ಬಂತು. ನೀವು ಗ್ರೂಪಿಗೆ ಹಾಕಿದ ದಿನವೇ ಹೇಳಬೇಕಿತ್ತು. ಎಲ್ಲರೂ ಕೈ ಮುಗಿಯುವ ಗುರುತು ಹಾಕಿದ್ದರು, ನಾನು ಸುಮ್ನೆ ಇದ್ದುಬಿಟ್ಟೆ. ನಿಮ್ಮನ್ನು ಬಸ್ ಸ್ಟ್ಯಾಂಡಿಗೆ ಕಳಿಸಿದ್ದರಲ್ಲಿ ನನ್ನ ಪಾಲೂ ಇದೆ.

ನನ್ನ ಮಾತನ್ನು ನಂಬಿ ಅಂತ ಹೇಳುತ್ತಿಲ್ಲ. ನೀವೇ ನೋಡಿ. ಚಿತ್ರ ತೆರೆದು ಎರಡು ಬೆರಳಿಂದ ದೊಡ್ಡದು ಮಾಡಿ, ಮೊದಲು ಅಜ್ಜಿಯ ತಲೆ ಮೇಲಿರುವ ಬೋರ್ಡ್ ಓದಿ. ದೂರದಿಂದ ಕನ್ನಡ. ಹತ್ತಿರ ಹೋದರೆ 'ತುಮ' ಆದಮೇಲೆ ಬರುವ ಅಕ್ಷರ ಳ-ವೂ ಅಲ್ಲ, ಣ-ವೂ ಅಲ್ಲ. ಅದರ ಪಕ್ಕ ಒಂದು ಒತ್ತಕ್ಷರ ನೇತಾಡುತ್ತಿದೆ, ಮೇಲೆ ಅಕ್ಷರವೇ ಇಲ್ಲ. ನಮ್ಮ ಕಾಪಿ ಪುಸ್ತಕದಲ್ಲಿ ಒಂದು ಕೊಂಬು ಬಿಟ್ಟುಹೋದರೂ ಕೆಂಪು ಶಾಯಿಯಲ್ಲಿ ಸುತ್ತುತ್ತಿದ್ದವರು ನೀವು! ಅದು ನಿಮ್ಮ ಕಣ್ಣಿಗೆ ಬೀಳಲಿಲ್ಲ ಅಂದರೆ ಆ ಹೊತ್ತಿಗೆ ಕಣ್ಣು ತುಂಬಿತ್ತು ಅಂತಲೇ ಅರ್ಥ.

ಇನ್ನು ಮಗುವಿನ ಮಡಿಲಲ್ಲಿರುವ ಪುಸ್ತಕ. ಅದರಲ್ಲಿ ಅಕ್ಷರವೇ ಇಲ್ಲ, ಇರುವೆ ಸಾಲು ಹೋದ ಹಾಗೆ ಗೀರುಗಳು. ಪೆನ್ನು ಹೆಬ್ಬೆರಳಿನ ಈಚೆ ಒಳಗೆ ಹೋಗುತ್ತದೆ, ಆಚೆ ಬೇರೆ ದಿಕ್ಕಲ್ಲಿ ಹೊರಗೆ ಬರುತ್ತದೆ. ನೆಲದ ಮೇಲೆ ಮಳೆ ನೀರು ಹೊಳೆಯುತ್ತಿದೆ, ಆದರೆ ಅಜ್ಜಿಯ ಸೀರೆ ಇಸ್ತ್ರಿ ಮಾಡಿದ ಹಾಗೆ ಒಣಗಿಕೊಂಡಿದೆ. ಬೀದಿ ದೀಪ ಹಿಂದೆ ಇದೆ. ಹಾಗಿದ್ದರೆ ಮುಖಗಳು ಕತ್ತಲಾಗಿರಬೇಕು, ಅಲ್ವಾ? ಅಲ್ಲಿ ಇಬ್ಬರ ಮುಖವೂ ಮದುವೆ ಆಲ್ಬಂ ಥರ ಬೆಳಗುತ್ತಿದೆ. ನಮ್ಮ ಕಸುಬಿನವರಿಗೆ ಮೊದಲು ಕಾಣುವುದೇ ಇದು.

ಸೊಪ್ಪಂತೂ ಇನ್ನೂ ತಮಾಷೆ. ಒಂದು ಕಡೆಯಿಂದ ಕೊತ್ತಂಬರಿ, ಅದೇ ಕಟ್ಟು ಇನ್ನೊಂದು ಕಡೆಯಿಂದ ಪಾಲಕ್. ಬಾಳೆನಾರಿನ ಕಟ್ಟಿಲ್ಲ, ನೀರು ಚಿಮುಕಿಸಿದ ಗೋಣಿಯಿಲ್ಲ.

ಆಮೇಲೆ ಬರಹ. 'ಈ ಬಡ ಮಗು ನಿನ್ನೆ ಬಂದ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 625ಕ್ಕೆ 625.' ದೊಡ್ಡಮ್ಮ, ನೀವು ಮೂವತ್ತು ವರ್ಷ ಮೇಷ್ಟ್ರಾಗಿದ್ದವರು. ಮೊದಲ ಫಲಿತಾಂಶ ಬರುವುದು ಮೇ ತಿಂಗಳ ಸುಮಾರಿಗೆ, ಈಗ ಕಾರ್ತಿಕ ಮಾಸ. ಆ ಮಗುವಿಗೆ ಎಂಟು ವರ್ಷ ದಾಟಿಲ್ಲ. ಮೂರನೇ ಕ್ಲಾಸಿನ ಮಗು ಎಸ್ಸೆಸ್ಸೆಲ್ಸಿ ಬರೆಯಿತಾ? ತುಮಕೂರಿನ ಮಗುವಿಗೆ ಪೂರ್ತಿ ಅಂಕ ಬಂದಿದ್ದರೆ ಪೇಪರಿನವರು ಮನೆ ಮುಂದೆ ಕ್ಯೂ ನಿಲ್ಲುತ್ತಿದ್ದರು.

ಇಷ್ಟಕ್ಕೇ ಬಿಡದೆ ಗೂಗಲ್ ಲೆನ್ಸ್‌ನಲ್ಲಿ ಹಾಕಿ ಹುಡುಕಿದೆ. ಒಂದು ಚಿತ್ರ ಕೊಟ್ಟರೆ ಅಂಥದ್ದೇ ಇನ್ನೆಲ್ಲಿದೆ ಎಂದು ಅದು ತೋರಿಸುತ್ತದೆ. ಇದೇ ಅಜ್ಜಿ, ಇದೇ ದೀಪ, ತೆಲುಗು ಬರಹದ ಜೊತೆ ಅನಂತಪುರದವಳಾಗಿದ್ದಾಳೆ. ಇನ್ನೊಂದರಲ್ಲಿ ಹುಡುಗಿ ಇದ್ದ ಜಾಗದಲ್ಲಿ ಹುಡುಗ, ಊರು ಹಾಸನ. ನಿಮಗೆ ಬಂದ ಪೇಜಲ್ಲಿ ಹಿಂದಿನ ಪೋಸ್ಟುಗಳನ್ನೂ ನೋಡಿದೆ. ಕೇಕ್ ಮುಂದೆ ಅಳುವ ಸೈನಿಕ, ಪ್ಲಾಸ್ಟಿಕ್ ಬಾಟಲಿಯಲ್ಲಿ ರಥ ಕಟ್ಟಿದ ಪುಟ್ಟ ಹುಡುಗ, ಎಲ್ಲದರ ಕೆಳಗೂ 'ಯಾರೂ ಲೈಕ್ ಮಾಡಲ್ಲ ಅಂತ ಗೊತ್ತು' ಅನ್ನುವ ಅದೇ ಸಾಲು.

ಇದು ಹೇಗೆ ಆಗುತ್ತದೆ ಅಂತ ಕೇಳುತ್ತೀರಿ. ಆ ಯಂತ್ರಕ್ಕೆ ಮೊದಲೇ ಕೋಟಿಗಟ್ಟಲೆ ಚಿತ್ರಗಳನ್ನು, ಅವುಗಳ ವಿವರಣೆಯ ಜೊತೆಗೆ ತೋರಿಸಿ ಪಳಗಿಸಿರುತ್ತಾರೆ. ಆಮೇಲೆ 'ಬೀದಿ ದೀಪ, ಸೊಪ್ಪು ಮಾರುವ ಅಜ್ಜಿ, ಓದುವ ಮೊಮ್ಮಗಳು' ಎಂದು ಬರೆದರೆ ಸಾಕು. ಹಳೇ ಟಿವಿಯಲ್ಲಿ ಸಿಗ್ನಲ್ ಹೋದಾಗ ಪರದೆ ತುಂಬ ಚುಕ್ಕೆ ಕುದಿಯುತ್ತಿತ್ತಲ್ಲ, ಬಹಳಷ್ಟು ಯಂತ್ರಗಳು ಅಂಥದ್ದರಿಂದಲೇ ಶುರು ಮಾಡುತ್ತವೆ. ಹಂತ ಹಂತವಾಗಿ ಆ ಚುಕ್ಕೆ ತೊಳೆಯುತ್ತಾ, ಬರೆದ ಮಾತಿಗೆ ಹೊಂದುವ ಚಿತ್ರ ಮೂಡಿಸುತ್ತವೆ. ಅಜ್ಜಿ ಹೇಗೆ ಕಾಣುತ್ತಾಳೆ ಎಂದು ಅದಕ್ಕೆ ಅಂದಾಜಿದೆ. ಬೋರ್ಡಲ್ಲಿ ಅಕ್ಷರದ ಆಕಾರ ಇರಬೇಕು ಎಂದೂ ಗೊತ್ತು, ಆದರೆ ಓದಲು ಬರದೆ ಗೀಚುತ್ತದೆ. ಹಾಗಂತ ಬೋರ್ಡ್ ಸರಿ ಇದ್ದರೆ ಫೋಟೋ ನಿಜ ಎಂದುಕೊಳ್ಳಬೇಡಿ. ಮೊದಲೆಲ್ಲ ಆರು ಬೆರಳು ಬರುತ್ತಿತ್ತು, ಈಗ ಬೆರಳು ಸರಿಹೋಗಿದೆ. ಅಕ್ಷರವೂ ಸರಿಹೋಗುತ್ತಾ ಬಂದಿದೆ.

ಕೆಳಗೆ ಇನ್ನೊಂದು ಚಿತ್ರ ಕಳಿಸಿದ್ದೇನೆ. ದೇವರಾಯನದುರ್ಗದ ಮೆಟ್ಟಿಲ ಮೇಲೆ ಕೂತು ಕೋತಿಮರಿಗೆ ಬಾಳೆಹಣ್ಣು ಕೊಡುತ್ತಿರುವ ಅಜ್ಜ. ಎಷ್ಟು ಪಾಪ ಅನಿಸುತ್ತದೆ, ಅಲ್ವಾ? ಅದನ್ನು ನಾನೇ ಮಾಡಿದ್ದು. ಇವತ್ತು ಬೆಳಿಗ್ಗೆ ಅಂಗಡಿಯಲ್ಲಿ, ಎದುರಿಗಿದ್ದ ಕಾಫಿ ಆರುವುದರೊಳಗೆ. ಯಾರಿಗೂ ಕಳಿಸಬೇಡಿ ಮತ್ತೆ!

ಮೋಸ ಹೋದೆ ಎಂದು ನಾಚಿಕೊಳ್ಳಬೇಡಿ. ಈ ಕಸುಬಲ್ಲೇ ಇರುವ ನಾನು 2023ರ ಮಾರ್ಚಲ್ಲಿ ಪೋಪ್ ಫ್ರಾನ್ಸಿಸ್ ಬಿಳಿ ಉಬ್ಬು ಜಾಕೆಟ್ ಹಾಕಿಕೊಂಡ ಚಿತ್ರ ನೋಡಿ, ಟೀ ಅಂಗಡಿಯಲ್ಲಿ ಎಲ್ಲರಿಗೂ ತೋರಿಸಿ ನಗಾಡಿದ್ದೆ. ಅದೂ ಹೀಗೇ ಮಾಡಿದ್ದು ಎಂದು ಆಮೇಲೆ ಗೊತ್ತಾಯಿತು. ಮರುದಿನ ಟೀ ಅಂಗಡಿ ಕಡೆ ತಲೆ ಹಾಕಲಿಲ್ಲ. 2024ರಲ್ಲಿ ಅಮೆರಿಕದಲ್ಲಿ ಹೆಲೀನ್ ಚಂಡಮಾರುತ ಬಂದಾಗ, ದೋಣಿಯಲ್ಲಿ ನಾಯಿಮರಿ ತಬ್ಬಿಕೊಂಡು ಅಳುವ ಹುಡುಗಿಯ ಚಿತ್ರ ಎಲ್ಲ ಕಡೆ ಓಡಾಡಿತು. ಆ ಹುಡುಗಿಯೂ ಇರಲಿಲ್ಲ. ಹಂಚಿದ ರಾಜಕೀಯದವರೊಬ್ಬರು, ಚಿತ್ರ ಎಲ್ಲಿಂದ ಬಂತೋ ಗೊತ್ತಿಲ್ಲ, ಅದು ಮುಖ್ಯವೂ ಅಲ್ಲ ಎಂದರು.

ನೀವೂ ಹಾಗೆ ಅನ್ನಬಹುದು. 'ಚಿತ್ರ ಸುಳ್ಳಾದರೇನು, ಕಷ್ಟ ನಿಜ ತಾನೇ' ಎಂದು. ನಾನು ಒಪ್ಪುವುದಿಲ್ಲ ದೊಡ್ಡಮ್ಮ. ಮಂಡಿ ನೋವು ಇಟ್ಟುಕೊಂಡು ನೀವು ಗುರುವಾರ ಎರಡು ಗಂಟೆ ಅಲೆದಿರಿ, ಅದು ನಿಜವಾದ ಮಂಡಿ. ವಿಶ್ವೇಶ್ವರಯ್ಯನವರು ಬೀದಿ ದೀಪದ ಕೆಳಗೆ ಓದಿದ ಕಥೆಯನ್ನು ನೀವು ಕ್ಲಾಸಲ್ಲಿ ಎಷ್ಟು ಸಲ ಹೇಳಿಲ್ಲ? ದೀಪ, ಪುಸ್ತಕ, ಅಜ್ಜಿ ಮಡಿಲು. ಯಾವುದಕ್ಕೆ ನಮ್ಮ ಹೊಟ್ಟೆ ಚುರ್ ಅನ್ನುತ್ತದೆ ಎಂದು ತಿಳಿದೇ ಅದನ್ನು ಮಾಡಿದ್ದಾರೆ.

ಅವರಿಗೇನು ಲಾಭ? ಲೈಕ್ ಜಾಸ್ತಿ ಆದರೆ ಪೇಜು ಬೆಳೆಯುತ್ತದೆ, ಬೆಳೆದ ಪೇಜಿನಿಂದ ಜಾಹೀರಾತಿನ ದುಡ್ಡು ಬರುತ್ತದೆ. ಕೆಲವರು ಪೇಜನ್ನೇ ಮಾರಿಬಿಡುತ್ತಾರೆ. ಅಲ್ಲಿಗೇ ನಿಂತಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಕಾಮೆಂಟಲ್ಲಿ ಯಾರೋ ಒಂದು ಕ್ಯೂಆರ್ ಕೋಡ್ ಹಾಕಿ 'ಮಗುವಿನ ಓದಿಗೆ ನೆರವಾಗಿ' ಎಂದು ಬರೆದಿದ್ದಾರೆ. ಅದರ ಕೆಳಗೆ ನೀವು 'ನಾನು ನಿವೃತ್ತ ಶಿಕ್ಷಕಿ, ಮಗುವಿನ ಫೀಸು ಕಟ್ಟುತ್ತೇನೆ, ಫೋನ್ ಮಾಡಿ' ಎಂದು ನಿಮ್ಮ ನಂಬರ್ ಕೊಟ್ಟಿದ್ದೀರಿ. ನನ್ನ ಎದೆ ಧಸಕ್ ಅಂದಿದ್ದು ಅಲ್ಲಿ.

ಆ ಕಾಮೆಂಟನ್ನು ಇವತ್ತೇ ತೆಗೆದುಬಿಡಿ. ಅದರ ಮೇಲೆ ಬೆರಳು ಒತ್ತಿ ಹಿಡಿದರೆ ಡಿಲೀಟ್ ಎಂದು ಬರುತ್ತದೆ. ಆಗದಿದ್ದರೆ ಪಕ್ಕದ ಮನೆ ಹುಡುಗನ ಕೈಲಿ ಮಾಡಿಸಿ. ಆ ಕೋಡಿಗೆ ದುಡ್ಡು ಹಾಕಬೇಡಿ. 'ಮಗುವಿನ ಮಾವ ಮಾತಾಡ್ತಿದೀನಿ' ಎಂದು ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ, ಓಟಿಪಿ ಅಂತೂ ಹೇಳಲೇಬೇಡಿ. ಈಗಾಗಲೇ ಏನಾದರೂ ಹಾಕಿದ್ದರೆ ಮುಚ್ಚಿಡಬೇಡಿ, ನಾನು ಬೈಯಲ್ಲ. ತಕ್ಷಣ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ಮೋಸದ ದೂರಿನ ನಂಬರ್, ಎಷ್ಟು ಬೇಗ ಮಾಡಿದರೆ ಅಷ್ಟು ಒಳ್ಳೆಯದು. ನನಗೂ ಹೇಳಿ.

ನಿಮ್ಮ ನಿವೃತ್ತ ಶಿಕ್ಷಕರ ಗ್ರೂಪಿಗೂ ಕಳಿಸಿದ್ದೀರಂತೆ. ಅಲ್ಲಿ ಹೇಗೆ ಹೇಳುವುದು ಎಂದು ಸಂಕೋಚ ಇದ್ದರೆ ಇಷ್ಟು ಹಾಕಿ: 'ನಾನು ಮೊನ್ನೆ ಕಳಿಸಿದ ಅಜ್ಜಿ ಮೊಮ್ಮಗಳ ಚಿತ್ರ ಕಂಪ್ಯೂಟರ್ ತಯಾರಿಸಿದ್ದು ಎಂದು ಈಗ ತಿಳಿಯಿತು. ದಯವಿಟ್ಟು ಮುಂದೆ ಕಳಿಸಬೇಡಿ, ಅದರ ಹೆಸರಲ್ಲಿ ಯಾರೂ ಹಣ ಹಾಕಬೇಡಿ.' ಅಷ್ಟೇ ಸಾಕು, ಯಾರೂ ನಗುವುದಿಲ್ಲ. ಅಲ್ಲಿ ಅರ್ಧ ಜನ ಅದನ್ನು ಆಗಲೇ ಬೇರೆ ಗ್ರೂಪಿಗೆ ದಾಟಿಸಿರುತ್ತಾರೆ, ನೋಡಿ ಬೇಕಾದರೆ. ಮನೆಯವರ ಗ್ರೂಪಲ್ಲಿ ನೀವು ಹೇಳಿದ ಮೇಲೆ ನಾನು ಮಾತಾಡುತ್ತೇನೆ, ಅದಕ್ಕೆ ಮುಂಚೆ ಇಲ್ಲ.

ಆ ಚೀಲ ಬಿಚ್ಚಿ ಎತ್ತಿಡಬೇಡಿ. ನಮ್ಮ ಅಂಗಡಿ ಎದುರು ಸಂಜೆ ಸೊಪ್ಪು ಹಾಕಿಕೊಂಡು ಕೂರುವ ಅಕ್ಕ ಇದ್ದಾಳೆ. ಅವಳ ಮಗ ಐದನೇ ಕ್ಲಾಸು, ಸರ್ಕಾರಿ ಶಾಲೆ. ಬೀದಿ ದೀಪದ ಕೆಳಗೆ ಓದುವುದಿಲ್ಲ, ನಮ್ಮ ಅಂಗಡಿಯೊಳಗೆ ಬಂದು ಫ್ಲೆಕ್ಸ್ ತುಂಡಿನ ಮೇಲೆ ಕಾರಿನ ಚಿತ್ರ ಬರೆಯುತ್ತಾನೆ. ಏಳರ ಮಗ್ಗಿ ಬರಲ್ಲ. ಅವರಮ್ಮ ಸುಮ್ನೆ ಕೊಟ್ಟರೆ ತೆಗೆದುಕೊಳ್ಳುವವಳಲ್ಲ, ಎರಡು ಕಟ್ಟು ದಂಟಿನ ಸೊಪ್ಪು ಕೈಗೆ ತುರುಕದೆ ಬಿಡಲ್ಲ. ಕೇಳಿ ನೋಡುತ್ತೇನೆ.

ಭಾನುವಾರ ಗುಬ್ಬಿಗೆ ಬರುತ್ತೇನೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬರುತ್ತೇನೆ, ಬೆಳಿಗ್ಗೆ ಏನೂ ಮಾಡಬೇಡಿ. ಲೆನ್ಸಲ್ಲಿ ಹುಡುಕುವುದು ಹೇಗೆ ಎಂದು ನಿಮ್ಮ ಫೋನಲ್ಲೇ ತೋರಿಸಿಕೊಡುತ್ತೇನೆ. ಕಾಮೆಂಟ್ ತೆಗೆದ ಮೇಲೆ ಒಂದು ಮಿಸ್ ಕಾಲ್ ಕೊಡಿ.