ವೆಚ್ಚ ಪಟ್ಟಿ: ಮೂಲ ವೆಚ್ಚ ಮತ್ತು ಮಾರಾಟವಾದ ಸರಕಿನ ವೆಚ್ಚ ಕಂಡುಹಿಡಿಯುವ ಲೆಕ್ಕಗಳು

ಪ್ರಶ್ನೆ 1

ಚನ್ನಪಟ್ಟಣದಲ್ಲಿ ಹಾಲೆ ಮರ ಮತ್ತು ಅರಗಿನಿಂದ ಆಟಿಕೆ ತಯಾರಿಸುವ ಒಂದು ಘಟಕದ, 2025ರ ಮಾರ್ಚ್ 31ಕ್ಕೆ ಕೊನೆಗೊಂಡ ವರ್ಷದ ವಿವರಗಳನ್ನು ಕೆಳಗೆ ಕೊಡಲಾಗಿದೆ. ಇವುಗಳಿಂದ ಮೂಲ ವೆಚ್ಚ (ಪ್ರೈಮ್ ಕಾಸ್ಟ್), ಕಾರ್ಖಾನೆ ವೆಚ್ಚ, ಉತ್ಪಾದನಾ ವೆಚ್ಚ, ಮಾರಾಟವಾದ ಸರಕಿನ ವೆಚ್ಚ ಮತ್ತು ಲಾಭವನ್ನು ತೋರಿಸುವ ವೆಚ್ಚ ಪಟ್ಟಿಯನ್ನು ತಯಾರಿಸಿರಿ. ಕಚೇರಿ ವೆಚ್ಚಗಳೆಲ್ಲವೂ ಉತ್ಪಾದನೆಗೆ ಸಂಬಂಧಿಸಿವೆ ಎಂದು ಭಾವಿಸಿರಿ.

ಕಚ್ಚಾವಸ್ತು: ಆರಂಭದ ದಾಸ್ತಾನು ರೂ. 42,000, ಖರೀದಿ ರೂ. 3,60,000; ಖರೀದಿಯ ಸಾಗಣೆ ರೂ. 8,500, ಮಾರಾಟಗಾರರಿಗೆ ಹಿಂತಿರುಗಿಸಿದ್ದು ರೂ. 6,000, ಅಂತ್ಯದ ದಾಸ್ತಾನು ರೂ. 38,500.
ನೇರ ಕೂಲಿ: ಪಾವತಿಸಿದ್ದು ರೂ. 1,85,000, ಬಾಕಿ ಇರುವುದು ರೂ. 7,000.
ಒಂದು ವಿಶೇಷ ಆರ್ಡರಿಗಾಗಿ ತಂದ ಕಡೆಯುವ ಯಂತ್ರದ ಬಾಡಿಗೆ ರೂ. 9,000.
ಕಾರ್ಖಾನೆ ಬಾಡಿಗೆ ರೂ. 36,000, ವಿದ್ಯುತ್ ರೂ. 24,600, ಮೇಲ್ವಿಚಾರಕರ ಸಂಬಳ ರೂ. 60,000, ಯಂತ್ರಗಳ ಸವಕಳಿ ರೂ. 15,400.
ಕಾರ್ಖಾನೆಯ ಮರದ ಚೂರಿನ ಮಾರಾಟದಿಂದ ಬಂದದ್ದು ರೂ. 1,800.
ಕಚೇರಿ ಸಂಬಳ ರೂ. 48,000, ಕಚೇರಿ ಬಾಡಿಗೆ ರೂ. 12,000.
ಜಾಹೀರಾತು ರೂ. 14,000, ಗ್ರಾಹಕರಿಗೆ ಸರಕು ತಲುಪಿಸಿದ ವೆಚ್ಚ ರೂ. 10,000.
ಅರೆಸಿದ್ಧ ಸರಕು: ಆರಂಭದಲ್ಲಿ ರೂ. 18,000; ಅಂತ್ಯದಲ್ಲಿ ರೂ. 21,200.
ಸಿದ್ಧ ಸರಕು: ಆರಂಭದಲ್ಲಿ ರೂ. 54,000, ಅಂತ್ಯದಲ್ಲಿ ರೂ. 47,500.
ಬ್ಯಾಂಕ್ ಸಾಲದ ಬಡ್ಡಿ ರೂ. 11,000, ಆದಾಯ ತೆರಿಗೆ ರೂ. 9,500, ಹಳೆಯ ಯಂತ್ರದ ಮಾರಾಟದಲ್ಲಿ ನಷ್ಟ ರೂ. 3,000.
ಮಾರಾಟ ರೂ. 9,50,000.

ಉತ್ತರ

ಬಳಸಿದ ಕಚ್ಚಾವಸ್ತುವಿನ ಬೆಲೆ: 42,000 + 3,60,000 + 8,500 − 6,000 − 38,500 = ರೂ. 3,66,000.

ಇದಕ್ಕೆ ನೇರ ಕೂಲಿ ರೂ. 1,92,000 ಮತ್ತು ನೇರ ವೆಚ್ಚ ರೂ. 9,000 ಸೇರಿದರೆ ಮೂಲ ವೆಚ್ಚ ರೂ. 5,67,000 ಆಗುತ್ತದೆ. ಬಾಕಿ ಕೂಲಿಯನ್ನು ಇನ್ನೂ ಕೊಟ್ಟಿಲ್ಲವೆಂಬ ಕಾರಣಕ್ಕೆ ಬಿಡುವಂತಿಲ್ಲ. ಆ ಕೆಲಸ ಈ ವರ್ಷವೇ ನಡೆದಿರುವುದರಿಂದ ಅದು ಈ ವರ್ಷದ ವೆಚ್ಚವೇ. ಯಂತ್ರದ ಬಾಡಿಗೆಯ ಬಗ್ಗೆ ಬಹಳ ವಿದ್ಯಾರ್ಥಿಗಳು ಎಡವುತ್ತಾರೆ. ಬಾಡಿಗೆ ಎಂಬ ಹೆಸರು ಕಂಡ ಕೂಡಲೇ ಅದನ್ನು ಕಾರ್ಖಾನೆಯ ಮೇಲ್ವೆಚ್ಚಕ್ಕೆ ಸೇರಿಸುತ್ತಾರೆ. ಆದರೆ ನೋಡಬೇಕಾದದ್ದು ವೆಚ್ಚದ ಹೆಸರನ್ನಲ್ಲ, ಅದು ಯಾವುದಕ್ಕಾಗಿ ಆಯಿತು ಎಂಬುದನ್ನು: ಈ ಯಂತ್ರವನ್ನು ಒಂದೇ ಆರ್ಡರಿಗಾಗಿ ತಂದಿರುವುದರಿಂದ ಇದು ನೇರ ವೆಚ್ಚ, ಎಲ್ಲ ಆಟಿಕೆಗಳಿಗೂ ಆಸರೆಯಾದ ಕಟ್ಟಡದ ಬಾಡಿಗೆ ಮೇಲ್ವೆಚ್ಚ.

ಕಾರ್ಖಾನೆಯ ಮೇಲ್ವೆಚ್ಚಗಳು ಒಟ್ಟು ರೂ. 1,36,000. ಚೂರಿನ ಮಾರಾಟದ ರೂ. 1,800 ಕಳೆದರೆ ರೂ. 1,34,200 ಉಳಿಯುತ್ತದೆ.

5,67,000 + 1,34,200 = 7,01,200
7,01,200 + 18,000 − 21,200 = ರೂ. 6,98,000 (ಕಾರ್ಖಾನೆ ವೆಚ್ಚ)
6,98,000 + 60,000 = ರೂ. 7,58,000 (ಉತ್ಪಾದನಾ ವೆಚ್ಚ)
7,58,000 + 54,000 − 47,500 = ರೂ. 7,64,500 (ಮಾರಾಟವಾದ ಸರಕಿನ ವೆಚ್ಚ)

ಜಾಹೀರಾತು ಮತ್ತು ತಲುಪಿಸುವ ವೆಚ್ಚವಾದ ರೂ. 24,000 ಈ ಹಂತದ ನಂತರವೇ ಬರುತ್ತದೆ. ಅದನ್ನು ಸೇರಿಸಿದಾಗ ಸಿಗುವ ರೂ. 7,88,500 ಮಾರಾಟದ ಒಟ್ಟು ವೆಚ್ಚವೇ ಹೊರತು ಮಾರಾಟವಾದ ಸರಕಿನ ವೆಚ್ಚವಲ್ಲ. ಲಾಭ: 9,50,000 − 7,88,500 = ರೂ. 1,61,500.

ಬಡ್ಡಿ, ಆದಾಯ ತೆರಿಗೆ ಮತ್ತು ಯಂತ್ರದ ಮಾರಾಟದ ನಷ್ಟ ಈ ಪಟ್ಟಿಗೆ ಸೇರುವುದಿಲ್ಲ; ಇವು ಹಣಕಾಸಿನ ಲೆಕ್ಕಪತ್ರಕ್ಕೆ ಸಂಬಂಧಿಸಿದವು.

ಪ್ರಶ್ನೆ 2

ಮೈಸೂರಿನ ಒಂದು ಅಗರಬತ್ತಿ ಘಟಕದ ಒಂದು ತಿಂಗಳ ಮೂಲ ವೆಚ್ಚ ರೂ. 2,40,000. ಅದರಲ್ಲಿ ನೇರ ಕೂಲಿ ರೂ. 90,000, ಉಳಿದದ್ದೆಲ್ಲ ಕಚ್ಚಾವಸ್ತು. ಕಚ್ಚಾವಸ್ತುವಿನ ದಾಸ್ತಾನು ತಿಂಗಳ ಆರಂಭದಲ್ಲಿ ರೂ. 22,000, ಕೊನೆಯಲ್ಲಿ ರೂ. 27,000. ಕಾರ್ಖಾನೆಯ ಮೇಲ್ವೆಚ್ಚ ನೇರ ಕೂಲಿಯ ಶೇ. 60, ಉತ್ಪಾದನೆಗೆ ಸಂಬಂಧಿಸಿದ ಆಡಳಿತ ವೆಚ್ಚ ಕಾರ್ಖಾನೆ ವೆಚ್ಚದ ಶೇ. 10. ತಯಾರಾದ 5,390 ಡಜನ್ ಪೊಟ್ಟಣಗಳಲ್ಲಿ 5,000 ಡಜನ್ ಮಾರಾಟವಾಗಿವೆ. ಅರೆಸಿದ್ಧ ಸರಕಾಗಲಿ, ಸಿದ್ಧ ಸರಕಿನ ಆರಂಭದ ದಾಸ್ತಾನಾಗಲಿ ಇರಲಿಲ್ಲ. ಕಚ್ಚಾವಸ್ತುವಿನ ಖರೀದಿಯನ್ನೂ ಮಾರಾಟವಾದ ಸರಕಿನ ವೆಚ್ಚವನ್ನೂ ಕಂಡುಹಿಡಿಯಿರಿ.

ಉತ್ತರ

ಬಳಸಿದ ಕಚ್ಚಾವಸ್ತು: 2,40,000 − 90,000 = ರೂ. 1,50,000. ಇಲ್ಲಿ ಹಿಂದುಮುಂದಾಗಿ ನಡೆಯಬೇಕಾಗಿರುವುದರಿಂದ ಅಂತ್ಯದ ದಾಸ್ತಾನನ್ನು ಕೂಡಿ ಆರಂಭದ ದಾಸ್ತಾನನ್ನು ಕಳೆಯಬೇಕು: 1,50,000 + 27,000 − 22,000 = ರೂ. 1,55,000 (ಖರೀದಿ).

ಕಾರ್ಖಾನೆ ವೆಚ್ಚ: 2,40,000 + 54,000 = ರೂ. 2,94,000.
ಉತ್ಪಾದನಾ ವೆಚ್ಚ: 2,94,000 + 29,400 = ರೂ. 3,23,400, ಅಂದರೆ ಡಜನ್‌ಗೆ ರೂ. 60.
ಅಂತ್ಯದ ಸಿದ್ಧ ಸರಕು: 390 × 60 = ರೂ. 23,400.
ಮಾರಾಟವಾದ ಸರಕಿನ ವೆಚ್ಚ: 3,23,400 − 23,400 = ರೂ. 3,00,000.

ಉಳಿದ 390 ಡಜನ್‌ಗೆ ಕಾರ್ಖಾನೆ ವೆಚ್ಚದ ದರ ಹಾಕಿದರೆ ಡಜನ್‌ಗೆ ಸುಮಾರು ರೂ. 54.55 ಬಂದು ಮುಂದಿನ ಅಂಕಿಗಳೆಲ್ಲ ತಪ್ಪುತ್ತವೆ. ಸಿದ್ಧ ಸರಕಿನ ಮೌಲ್ಯವನ್ನು ಉತ್ಪಾದನಾ ವೆಚ್ಚದ ದರದಲ್ಲೇ ಕಟ್ಟಬೇಕು. ಉತ್ತರವನ್ನು ತಾಳೆ ನೋಡಲು 5,000 ಡಜನ್ ಅನ್ನು ನೇರವಾಗಿ ರೂ. 60ರಿಂದ ಗುಣಿಸಿದರೆ ಅದೇ ರೂ. 3,00,000 ದೊರೆಯುತ್ತದೆ.