ಹನ್ನೆರಡು ಹೂದಾನಿ, 62,400 ರೂಪಾಯಿ: ಲೆಕ್ಕ ಕೇಳಿದ ಸಾಹೇಬರಿಗೆ

ಶರಣ್ರಿ ಸಾಹೇಬ್ರ,

ನಿವೃತ್ತಿ ಸಮಾರಂಭಕ್ಕ ನಾವು ಕಳಿಸಿದ ಬಿದ್ರಿ ಹೂದಾನಿ ದರಪಟ್ಟಿ ಓದಿ ನೀವು ಬರೆದದ್ದು ನೋಡಿದ್ವಿ: "ತಗಡಿಗಿ ಕರಿ ಬಣ್ಣ ಬಳದು ಒಂದಕ್ಕ 5,200 ಅಂತ! ಬೀದರದವರು ಕಲಬುರಗಿ ಮಂದಿಗಿ ಟೋಪಿ ಹಾಕೋದು ಯಾವಾಗ ಬಿಡ್ತೀರಿ? ಇದೇ ಮಾಲು ಆನ್‌ಲೈನ್‌ದಾಗ 900ಕ್ಕ ಬಿದ್ದದ."

ಟೋಪಿ ಮಾತು ಅಲ್ಲೇ ಬಿಡ್ತೀವ್ರಿ. ಮಂದಿ ರೊಕ್ಕ ಕೂಡಿಸಿ ಕೊಡೋ ಮುಂದ ಲೆಕ್ಕ ಕೇಳೋದು ನಿಮ್ಮ ಹಕ್ಕು. ಬಿಡಿಸಿ ಬರೀದೆ ಬರೀ ಒಟ್ಟು ಮೊತ್ತ ಕಳಿಸಿದ್ದು ನಮ್ಮ ತಪ್ಪು. ಮೊಬೈಲಿನ ಫೋಟೋದಾಗ ಬಣ್ಣ ಬಳದದ್ದೂ ಬಿದ್ರಿನೂ ಒಂದೇ ನಮೂನಿ ಕಾಣ್ತಾವ ಅನ್ನೋದೂ ಖರೇನೇ ಅದ. ಅದಕ್ಕ ಲೆಕ್ಕ ಬರದೀವಿ, ಪರೀಕ್ಷಾ ಮಾಡೋದು ಹ್ಯಾಂಗ ಅನ್ನೋದೂ ಬರದೀವಿ.

ಹೂದಾನಿ 6 ಇಂಚು ಎತ್ತರ. ಎರಕದ ತೂಕ ಸುಮಾರು 680 ಗ್ರಾಂ: 640 ಗ್ರಾಂ ಸತು, 40 ಗ್ರಾಂ ತಾಮ್ರ. ಅಂದ್ರ ಹದಿನಾರಕ್ಕ ಒಂದು ಪಾಲು. ಇದ್ರಾಗ ತಗಡು ಎಲ್ಲೂ ಇಲ್ರಿ, ಪೂರಾ ಎರಕದ ಮಾಲು. ಲೋಹ, ಅಚ್ಚಿನ ಮಣ್ಣು, ಹರಳೆಣ್ಣಿ, ಇದ್ದಲಿ ಎಲ್ಲಾ ಸೇರಿ 500 ರೂಪಾಯಿ. ಕೂರಿಸೋ ಬೆಳ್ಳಿ 9 ಗ್ರಾಂ. ಗ್ರಾಂಗೆ 200ರಂಗ ಹಿಡಿದೀವಿ, 1,800 ಆಗ್ತದ. ಬಿಲ್ ಮಾಡೋ ದಿನ ಪೇಟಿ ದರ ಇಳಿದಿದ್ರ ಅಷ್ಟು ಕಡಿಮಿ ಮಾಡ್ತೀವಿ. ಉಳಿದ 2,900 ನಾಲ್ಕು ದಿನದ ಕೂಲಿ ಮತ್ತ ಅಂಗಡಿ ಖರ್ಚು.

ನಾಲ್ಕು ದಿನ ಯಾಕ ಅಂತ ಕೇಳ್ತೀರಿ. ಮೊದಲನೇ ದಿನ ಎರಕ ಹೊಯ್ದು, ಅರದಿಂದ ಉಜ್ಜಿ, ಮರಳು ಕಾಗದ ಹಿಡದು ನುಣುಪು ಮಾಡೋದ್ರಾಗೇ ಹೋಗ್ತದ. ಆಗ ಅದು ಬೂದಿ-ಬಿಳಿ ಇರ್ತದ. ಮೈಲುತುತ್ತದ ನೀರು ಸವರಿದ್ರ ತಾತ್ಪೂರ್ತಿಕ ಕರಿ ಆಗ್ತದ. ಆ ಕರಿ ಮ್ಯಾಲ ಚೂಪು ಮೊಳಿಯಿಂದ ಹೂಬಳ್ಳಿ ಗೀರಿದ್ರ ಬಿಳಿ ಗೆರಿ ಕಣ್ಣಿಗಿ ಕಾಣ್ತದ. ಮುಂದಿನ ಎರಡು ದಿನ ಉಳಿ ಮತ್ತ ಸಣ್ಣ ಸುತ್ತಿಗಿ. ಹೂದಾನಿ ಅಲುಗಾಡಬಾರದು ಅಂತ ಮೇಣ-ರಾಳದಾಗ ಕೂರಿಸಿ, ಗೆರಿ ಗೆರಿನೂ ಕೊರೀತಾರ. ಕೊರದ ಕಾಲುವಿ ಬಾಯಿಗಿ ಸಣ್ಣ, ಒಳಗ ತುಸು ಅಗಲ ಇರಬೇಕು. ಬೆಳ್ಳಿ ತಂತಿ ಅದರಾಗ ಇಟ್ಟು ಬಡದ್ರ ಒಳಗ ಹರಡಿ ಹಿಡಕೊಂತದ, ಅಂಟು ಹಚ್ಚಂಗಿಲ್ಲ. ಕಾಲುವಿ ಆಳ ಕಮ್ಮಿ ಆಯ್ತಂದ್ರ ಎರಡು ವರ್ಷದಾಗ ತಂತಿ ಎದ್ದು ಬಟ್ಟಿಗಿ ಸಿಗ್ತದ. ಅವಸರದ ಮಾಲು ಕೆಡೋದು ಇಲ್ಲೇ. 5,200ನ್ನ 4,000 ಮಾಡ್ರಿ ಅಂದ್ರ ನಾವು ಕಡಿಮಿ ಮಾಡಬೇಕಾದದ್ದೂ ಇದೇ ಕೆಲಸ. ಅದಕ್ಕ ಒಪ್ಪಂಗಿಲ್ರಿ.

ಇನ್ನ ನೀವು ಹೇಳಿದ ಬಣ್ಣ. ಕಡೀ ದಿನ ಪೂರಾ ತಿಕ್ಕಿದ ಮ್ಯಾಲ ಮೈಲುತುತ್ತದ ಕರಿ ಹೋಗಿ ಹೂದಾನಿ ಮತ್ತ ಬೆಳ್ಳಗಾಗ್ತದ, ಬೆಳ್ಳಿ ಯಾವುದು ಸತು ಯಾವುದು ಗೊತ್ತಾಗಂಗಿಲ್ಲ. ಆಮ್ಯಾಲ ಬೀದರ ಕ್ವಾಟಿದಾಗ ಬಿಸಿಲು-ಮಳಿ ಬೀಳದ ಹಳೀ ಜಾಗದ ಮಣ್ಣು, ನವಸಾಗರ, ನೀರು ಕಲಸಿ, ಹೂದಾನಿ ಹದವಾಗಿ ಬಿಸಿ ಮಾಡಿ ಸವರ್ತಾರ. ಕಣ್ಣೆದುರಿಗೇ ಸತುವಿನ ಮೈ ಕರ್ರಗಾಗ್ತದ, ಬೆಳ್ಳಿಗಿ ಏನೂ ಆಗಂಗಿಲ್ಲ. ಅದು ಲೋಹದ ಮೈಯೇ ಬದಲಾಗಿ ಬಂದ ಕರಿ, ಮ್ಯಾಲ ಬಳದದ್ದಲ್ಲ. ಮಣ್ಣು ಸರಿ ಇಲ್ಲಂದ್ರ ಬೂದಿ ಬಣ್ಣಕ್ಕ ನಿಂತುಬಿಡ್ತದ. ಅದಕ್ಕೇ ಅನುಭವದವರು ಮಣ್ಣು ನಾಲಗಿ ಮ್ಯಾಲಿಟ್ಟು ರುಚಿ ನೋಡಿ ತರ್ತಾರ. ಕಡೀಕ ತೊಳದು ಎಣ್ಣಿ ಹಚ್ಚಿ ಒರಸ್ತೀವಿ, ಅಷ್ಟೇ.

900 ರೂಪಾಯಿದು ಏನಂತ ನಾವು ಕೈಯಾಗ ಹಿಡದು ನೋಡಿಲ್ಲ. ಹಿಂಗಾಗಿ ಖೊಟ್ಟಿ ಅಂತ ಹೇಳಂಗಿಲ್ಲ. ಆದ್ರ 9 ಗ್ರಾಂ ಬೆಳ್ಳಿ ಇದ್ದದ್ದು ಆ ದರಕ್ಕ ಬರಲಿಕ್ಕ ಲೆಕ್ಕ ಕೂಡಂಗಿಲ್ಲ. ಒಂದು ತರಿಸ್ರಿ, ನಮ್ಮದೊಂದು ಬಾಜೂಕ ಇಡ್ರಿ. ಅಯಸ್ಕಾಂತ ಹಿಡೀರಿ: ಅಂಟಿದ್ರ ಒಳಗ ಕಬ್ಬಿಣ ಅದ, ಬಿದ್ರಿ ಅಲ್ಲ. ಅಂಟದಿದ್ರ ಅಷ್ಟಕ್ಕ ಬಿದ್ರಿ ಅಂತ ತಿಳೀಬ್ಯಾಡ್ರಿ, ಅಲ್ಯುಮಿನಿಯಂನೂ ಅಂಟಂಗಿಲ್ಲ. ಆದ್ರ ಅದು ಕೈಗೇ ಹಗುರ ಅನ್ನಸ್ತದ. ಉಗುರುಬಣ್ಣ ತೆಗಿಯೋ ದ್ರವ ಅರಳಿಗಿ ಹಾಕಿ ತಳದಾಗ ತಿಕ್ಕ್ರಿ, ಬಣ್ಣ ಬಳದದ್ದಿದ್ರ ಹೆಚ್ಚಾಗಿ ಅರಳಿ ಕರಿ ಆಗ್ತದ. ನಮ್ಮದಕ್ಕ ಎಣ್ಣಿ ಬಿಟ್ರ ಬ್ಯಾರೆ ಲೇಪ ಇಲ್ಲ, ಹಿಂಗಾಗಿ ಮೊದಲ ಎಣ್ಣಿ ಒರಸಿಬಿಡ್ರಿ. ಉಗುರು ಅಡ್ಡ ಎಳೀರಿ: ಬೆಳ್ಳಿ ಗೆರಿ ಮೈಗೆ ಸಮ ಇರಬೇಕು, ಉಬ್ಬು ತಾಕಬಾರದು.

2006ರಾಗ ಬಿದ್ರಿಗಿ ಭೌಗೋಳಿಕ ಗುರುತು ಸಿಕ್ಕದ, 2023ರಾಗ ನಮ್ಮೂರಿನ ಶಾಹ ರಶೀದ ಅಹ್ಮದ ಖಾದ್ರಿ ಅವರಿಗಿ ಪದ್ಮಶ್ರೀ ಬಂದದ. ನಮಗ ಹೆಮ್ಮಿ ಅದ. ಆದ್ರ ಅವರ ಪ್ರಶಸ್ತಿ ತೋರಿಸಿ ನಮ್ಮ ಹೂದಾನಿಗಿ ದರ ಕೇಳಂಗಿಲ್ಲ. ನಮ್ಮ ಮಾಲು ನೋಡೇ ತಗೋರಿ.

ಇದ್ದ ಕೊರತಿನೂ ಹೇಳಿಬಿಡ್ತೀವಿ. ವರ್ಷಗಟ್ಟಲೆ ಇಟ್ರ ಕರಿ ತುಸು ಮಾಸ್ತದ. ಕೊಬ್ಬರಿ ಎಣ್ಣಿ ಒಂದು ಹನಿ ಹಚ್ಚಿ ಮೆತ್ತನ ಬಟ್ಟಿಲೆ ಒರಸಿದ್ರ ಮಿಂಚು ಬರ್ತದ. ಹುಣಸಿಹಣ್ಣು, ನಿಂಬಿಹಣ್ಣು, ಪಾತ್ರಿ ತೊಳಿಯೋ ಪುಡಿ ಹಚ್ಚಿದ್ರ ಕರಿ ಕಿತ್ತುಹೋಗ್ತದ. ಸನ್ಮಾನದ ದಿನ ಯಾರೋ ಹಿತ್ತಾಳಿ ಅಂತ ತಿಳಕೊಂಡು ಮನ್ಯಾಗ ಹುಣಸಿಹಣ್ಣು ಹಾಕಿ ತಿಕ್ಕೋದು ಬ್ಯಾಡ ಅಂತ, ಪ್ರತಿ ಡಬ್ಬಿದಾಗ ಒಂದು ಚೀಟಿ ಇಡ್ತೀವಿ. ಒಳಗ ನೇರ ನೀರು ಹಾಕಬ್ಯಾಡ್ರಿ. ಗಾಜಿನ ಲೋಟ ಇಟ್ಟು ಹೂ ಇಡ್ರಿ.

ಬಜೆಟ್ 5,200ಕ್ಕ ಕೂಡಂಗಿಲ್ಲ ಅಂದ್ರ ಅದರಾಗ ನಾಚಿಕಿ ಏನಿಲ್ರಿ. ಒಂದು ಗ್ರಾಂ ಬೆಳ್ಳಿ ಹಾಕಿದ ಸಣ್ಣ ಕುಂಕುಮದ ಡಬ್ಬಿ 1,100ಕ್ಕ ಕೊಡ್ತೀವಿ, ಹನ್ನೆರಡಕ್ಕ 13,200. ಕೆಲಸ ಅದೇ, ಆಕಾರ ಸಣ್ಣದು. ಎಲ್ಲಾ 12 ಹೂದಾನಿನೇ ಬೇಕಂದ್ರ ನಮಗ 25 ದಿನ ಬೇಕು. ಮೂರು ಮಂದಿ ಕೂಡಿ ಕೆಲಸ ಹಂಚಕೊಂತೀವಿ, ಆದ್ರ ಕೊರಿಯೋರು ಇಬ್ಬರೇ ಇದ್ದಾರ.

ಮುಂದಿನ ಶುಕ್ರವಾರ ಬೆಳಗ್ಗಿನ ಬಸ್ಸಿಗಿ ಒಂದು ನಮೂನಿ ಹೂದಾನಿ ಕಲಬುರಗಿಗಿ ಕಳಿಸ್ತೀವಿ. ಮುಂಗಡ ರೊಕ್ಕ ಈಗ ಬ್ಯಾಡ. ಸಮಿತಿಯವರು ಎಲ್ಲಾರೂ ಇದ್ದಾಗ ಮ್ಯಾಲಿನ ಪರೀಕ್ಷಾ ನೀವೇ ಮಾಡ್ರಿ. ತೇರ್ಗಡೆ ಆಗಲಿಲ್ಲಂದ್ರ ಹೊಳ್ಳಿ ಕಳಿಸ್ರಿ, ಎರಡೂ ಕಡಿ ಬಸ್ ಖರ್ಚು ನಮ್ಮದು. ಆದ್ರ ಆರ್ಡರ್ ಕೊಡೋದಾ ಬ್ಯಾಡಾ ಅನ್ನೋದು ಆ ಶುಕ್ರವಾರ ಆದ ಮ್ಯಾಲಿನ ಸೋಮವಾರದೊಳಗ ತಿಳಿಸ್ರಿ, ತಡ ಆದ್ರ ತಾರೀಕಿಗಿ ಮುಗಿಯಂಗಿಲ್ಲ.

ಅಯಸ್ಕಾಂತ ನಿಮ್ಮದೇ ಇರಲಿ. ನಾವು ಕಳಿಸಿದ್ರ ಅದರ ಮ್ಯಾಲೂ ಅನುಮಾನ ಬರ್ತದ.

ಬಿದ್ರಿ ಕೆಲಸದವರು, ಬೀದರ