ಥರ್ಮೊ ಪರೀಕ್ಷೆಗೆ ಮೂರು ವಾರ: ಜೂನ್ 1ರಿಂದ 21ರ ತನಕ

ತಮ್ಮಾ,

ನೀ ಕಳಿಸಿದ ನಾಲ್ಕೂ ಹಳೆ ಪ್ರಶ್ನೆಪತ್ರಿಕೆ ನೋಡಿದೆ. ಇಂಟರ್ನಲ್ ಉತ್ತರಪತ್ರಿಕೆಯ ಫೋಟೊನೂ ನೋಡಿದೆ. ಸೂತ್ರ ನಿನಗ ಬರತಾವು. ತಪ್ಪಾಗಿದ್ದು ಅದಕ್ಕಿಂತ ಮೊದಲ. ಲೆಕ್ಕ ಓದಿದ ಕೂಡ್ಲೆ ಸೂತ್ರ ಹಚ್ಚೀದಿ, ಯಾವುದರ ಸುತ್ತ ಗೆರೆ ಹೊಡದೀದಿ ಅನ್ನೂದು ಒಂದ ಕಡೆನೂ ಇಲ್ಲ. ನಾನೂ ಹಿಂಗ ಮಾಡಿ ಮೊದಲ ಇಂಟರ್ನಲ್‌ನ್ಯಾಗ 30ಕ್ಕ 9 ತಗೊಂಡಾಕಿ. ಅಪ್ಪಗ ಇದನ್ನ ಈಗರ ಹೇಳಬ್ಯಾಡ.

ಅದಕ್ಕ ಮೂರೂ ವಾರ ನಡೆಯೂದು ಒಂದ ನಿಯಮ. ಮೊದಲ ಚಿತ್ರ ತಗಿ, ಚುಕ್ಕಿಗೆರೆಯಿಂದ ಸಿಸ್ಟಮ್ ಸುತ್ತ ಬೌಂಡರಿ ಹಾಕು, ಒಳಗ ಏನ ಬರತೈತಿ, ಹೊರಗ ಏನ ಹೋಗತೈತಿ ಬಾಣ ಹಾಕಿ ತೋರಿಸು. ಆಮ್ಯಾಲ ಪೆನ್ನಿಗೆ ಸೂತ್ರ.

ಪರೀಕ್ಷೆ ಜೂನ್ 22, ಸೋಮವಾರ, ಮುಂಜಾನೆ 9:30. ಐದು ಮಾಡ್ಯೂಲು, ಒಂದೊಂದರಾಗ ಎರಡು ಪ್ರಶ್ನೆ, ಒಂದಕ್ಕ ಉತ್ತರ, 20 ಅಂಕ. ಮೂರು ತಾಸಂದ್ರ ಒಂದು ಪ್ರಶ್ನೆಗೆ 36 ನಿಮಿಷ. ಜೂನ್ 13ರ ತನಕ ಕಾಲೇಜ್ ಇರತೈತಿ ಅಂದಿ, ಹಂಗಾಗಿ ಮೊದಲ ಎರಡು ವಾರ ದಿನಕ್ಕ ಎರಡ ತಾಸು ಸಾಕು: ಮುಂಜಾನೆ 5:45ರಿಂದ 7:15 ಬರೀ ಲೆಕ್ಕ, ರಾತ್ರಿ ಊಟಾದ ಮ್ಯಾಲ ಅರ್ಧ ತಾಸು ಮುಂಜಾನೆ ತಪ್ಪಿದ್ದನ್ನ ಪುಸ್ತಕ ಮುಚ್ಚಿ ಮತ್ತ ಮಾಡೂದು. ಗಣಿತದ ಪೇಪರೂ ಹಿಂದ ಐತಿ, ಅದರ ಹೊತ್ತು ಇದಕ್ಕ ತಿನ್ನಿಸಬ್ಯಾಡ.

ಮೊದಲ ವಾರ, ಜೂನ್ 1ರಿಂದ 7

ಸೋಮವಾರ ಒಂದ ದಿನದಾಗ ವ್ಯಾಖ್ಯೆ ಎಲ್ಲಾ ಮುಗಿಸು: ಓಪನ್, ಕ್ಲೋಸ್ಡ್, ಐಸೋಲೇಟೆಡ್ ಸಿಸ್ಟಮ್, ಸ್ಟೇಟ್ ಮತ್ತ ಪ್ರೊಸೆಸ್, ಇಂಟೆನ್ಸಿವ್ ಮತ್ತ ಎಕ್ಸ್‌ಟೆನ್ಸಿವ್, ಜೀರೋತ್ ಲಾ. ನಾಲ್ಕು ಅಂಕದ ಪ್ರಶ್ನೆ ಇವು, ಮೂರು ದಿನ ತಗೊಳ್ಳೂವಂಥಾವಲ್ಲ. ಉದಾಹರಣೆ ಮನ್ಯಾಗಿನವು ಬರಿ. ಸೀಟಿ ಹೊಡೆಯೂಕಿಂತ ಮೊದಲ ಕುಕ್ಕರ್ ಕ್ಲೋಸ್ಡ್, ಸೀಟಿ ಹೊಡದಾಗ ಓಪನ್. ಪರೀಕ್ಷಕರಿಗೆ ನೀ ತಿಳಕೊಂಡು ಬರದೀದಿ ಅಂತ ಗೊತ್ತಾಗತೈತಿ.

ಮಂಗಳವಾರ, ಬುಧವಾರ ವರ್ಕ್. ಇಲ್ಲಿ ನಿಧಾನ ಹೋಗು. ಈ ಒಂದ ಲೆಕ್ಕ ಮೂರು ಸಲ ಮಾಡು: 1 ಬಾರ್, 0.1 ಘನ ಮೀಟರ್ ಗಾಳಿ ಸಿಲಿಂಡರ್‌ನ್ಯಾಗ ಐತಿ, ಅದನ್ನ 5 ಬಾರ್‌ಗೆ ಒತ್ತಬೇಕು. ಐಸೋಥರ್ಮಲ್, n = 1.3ರ ಪಾಲಿಟ್ರೋಪಿಕ್, γ = 1.4ರ ಅಡಿಯಬ್ಯಾಟಿಕ್.

```
ಐಸೋಥರ್ಮಲ್:   W = p1 V1 ln(p1/p2)
ಉಳಿದೆರಡು:     W = (p1 V1 - p2 V2)/(n - 1)
```

ಉತ್ತರ ಕ್ರಮವಾಗಿ −16.1, −15.0, −14.6 kJ ಬರಬೇಕು. ಮೈನಸ್ ಅಂದ್ರ ಗಾಳಿ ಮ್ಯಾಲ ನಾವು ಕೆಲಸ ಮಾಡೇವಿ. ಮೂರೂ ಒಂದ ಪಿ-ವಿ ಚಿತ್ರದಾಗ ತಗಿ, ಯಾವ ಗೆರೆ ಕಡಿದು ಐತಿ ನೋಡು. ಈ ಹಾಳಿ ಹರದು ಒಗೀಬ್ಯಾಡ, ಎರಡನೇ ವಾರದಾಗ ಬೇಕಾಗತೈತಿ.

ಗುರುವಾರದಿಂದ ಶನಿವಾರ ಫಸ್ಟ್ ಲಾ, ಕ್ಲೋಸ್ಡ್ ಸಿಸ್ಟಮ್ ಅಷ್ಟ. Q − W = ΔU. ಗಾಳಿಗೆ cp = 1.005, cv = 0.718, R = 0.287 kJ/kg K. ಮೂರನ್ನೂ ಬಾಯಿಪಾಠ ಮಾಡಬ್ಯಾಡ. ಎರಡು ನೆನಪಿಟ್ಟು cp − cv = R ಅಂತ ಮೂರನೇದು ತಗಿ, ಮರೆತರೂ ಕೈ ಬಿಡೂದಿಲ್ಲ. ಸೈಕಲ್ ಲೆಕ್ಕದಾಗ ಕೋಷ್ಟಕ ಹಾಕು: Q, W, ΔU ಮೂರು ಕಾಲಮ್, ಕಡೀ ಸಾಲಿನ್ಯಾಗ ΔU ಮೊತ್ತ ಸೊನ್ನೆ ಬರಬೇಕು. ಬರಲಿಲ್ಲಂದ್ರ ಚಿಹ್ನೆ ತಪ್ಪೈತಿ.

ರವಿವಾರ ಗದಗಿಗೆ ಹೋಗು. ಬ್ಯಾಗಿನ್ಯಾಗ ಥರ್ಮೊ ಪುಸ್ತಕ ಇಡಬ್ಯಾಡ. ಅವ್ವ ರೊಟ್ಟಿ ಬೇಯಿಸೂ ಮುಂದ ಒಲಿ ಮುಂದ ಕುಂದರು, ರೊಟ್ಟಿ ಉಬ್ಬೂದನ್ನ ನೋಡು. 100 ಡಿಗ್ರಿಯ ನೀರು ಉಗಿ ಆದಾಗ ಜಾಗ ಸುಮಾರು 1600 ಪಟ್ಟು ಹಿಗ್ಗತೈತಿ, ಹಿಟ್ಟಿನ್ಯಾಗಿನ ಒಂದೀಟ ನೀರು ಆ ಪದರನ್ನ ಎತ್ತತೈತಿ. ಮೂರನೇ ವಾರಕ್ಕ ಇಷ್ಟ ತಯಾರಿ ಸಾಕು.

ಎರಡನೇ ವಾರ, ಜೂನ್ 8ರಿಂದ 14

ಇದು ಬಿಗಿ ವಾರ. ಸಂಜಿ ಉಣಕಲ್ ಕೆರಿ ಕಡೆ ಅಡ್ಡಾಡೂದು, ಗಿರ್ಮಿಟ್ ತಿನ್ನೂದು ಬಿಡಬ್ಯಾಡ, ರಾತ್ರಿ ಮೊಬೈಲ್ ಬಿಡು.

ಸೋಮವಾರ, ಮಂಗಳವಾರ ಸ್ಟೆಡಿ ಫ್ಲೋ ಎನರ್ಜಿ ಈಕ್ವೇಶನ್. ಉದ್ದನ ಸಮೀಕರಣ ಒಂದ ಸಲ ಪೂರ್ತಿ ಬರಿ, ಆಮ್ಯಾಲ ಒಂದೊಂದು ಯಂತ್ರಕ್ಕ ಯಾವ ಪದ ಅಳಿಸಬಹುದು ಅಂತ ಕಾರಣ ಕೊಟ್ಟು ಅಳಿಸು. ಟರ್ಬೈನ್, ಕಂಪ್ರೆಸರ್, ನಾಝಲ್, ಥ್ರಾಟ್ಲಿಂಗ್ ವಾಲ್ವ್. ನಾಝಲ್‌ನ್ಯಾಗ ಹುಡುಗರು ಬೀಳೂ ಗುಂಡಿ ಒಂದ ಐತಿ. ಎಂಥಾಲ್ಪಿ 100 kJ/kg ಇಳದ್ರ ವೇಗ 447 m/s. ಕಿಲೋಜೂಲನ್ನ ಜೂಲ್ ಮಾಡೂದು ಮರೆತರ 14 m/s ಬರತೈತಿ, ಅದು ನಮ್ಮ ಚಿಗರಿ ಬಸ್ಸಿನ ವೇಗ. ಉತ್ತರ ಬಸ್ಸಿನಂಗ ಕಂಡ್ರ 1000 ಎಲ್ಲಿ ಬಿಟ್ಟೆ ಅಂತ ಹುಡುಕು.

ಬುಧವಾರ ಹೋದ ವಾರದ ಹಾಳಿ ತಗಿ. ಅದೇ ಗಾಳಿ, ಅದೇ 1ರಿಂದ 5 ಬಾರ್, ಆದ್ರ ಈಗ ಸಿಲಿಂಡರ್ ಅಲ್ಲ, ಸತತ ಗಾಳಿ ಎಳಕೊಂಡು ಹೊರಗ ಹಾಕೂ ಕಂಪ್ರೆಸರ್. ಅಷ್ಟ ಗಾಳಿಗೆ ಬೇಕಾಗೂ ಕೆಲಸ ಈಗ ಐಸೋಥರ್ಮಲ್‌ಗೆ 16.1, ಪಾಲಿಟ್ರೋಪಿಕ್‌ಗೆ 19.5, ಅಡಿಯಬ್ಯಾಟಿಕ್‌ಗೆ 20.4 kJ. ಸಿಲಿಂಡರ್‌ನ್ಯಾಗ ಅಡಿಯಬ್ಯಾಟಿಕ್‌ಗೆ ಎಲ್ಲಾಕಿಂತ ಕಡಿಮಿ ಇತ್ತು, ಇಲ್ಲಿ ಎಲ್ಲಾಕಿಂತ ಜಾಸ್ತಿ. ಗಾಳಿ ಬದಲಾಗಿಲ್ಲ, ಒತ್ತಡ ಬದಲಾಗಿಲ್ಲ, ನಾವು ಹಾಕಿದ ಚುಕ್ಕಿಗೆರಿ ಬದಲಾತು: ಗಾಳಿ ಒಳಗ ತಳ್ಳೂ, ಹೊರಗ ತಳ್ಳೂ ಕೆಲಸನೂ ಲೆಕ್ಕಕ್ಕ ಬಂತು. ಈ ದಿನ ಬ್ಯಾರೆ ಏನೂ ಓದಬ್ಯಾಡ. ಇದು ಹೊಟ್ಟಿಗೆ ಇಳದ್ರ ಅರ್ಧ ಥರ್ಮೊ ಇಳದಂಗ. ನಾ ಇದನ್ನ ಖರೇ ತಿಳಕೊಂಡಿದ್ದು ಕೆಲಸಕ್ಕ ಸೇರಿದ ಮ್ಯಾಲ, ಬೇಲೂರು ಇಂಡಸ್ಟ್ರಿಯಲ್ ಏರಿಯಾದಾಗ ಎರಡು ಹಂತದ ಕಂಪ್ರೆಸರ್ ನಡುವ ಇಂಟರ್‌ಕೂಲರ್ ಯಾಕೈತಿ ಅಂತ ಫಿಟ್ಟರ್ ಕಾಕಾ ಕೇಳಿದಾಗ.

ಗುರುವಾರ ಸೆಕೆಂಡ್ ಲಾ. ಕೆಲ್ವಿನ್-ಪ್ಲಾಂಕ್ ಮತ್ತ ಕ್ಲಾಸಿಯಸ್ ಹೇಳಿಕೆ, ಒಂದು ಮುರಿದ್ರ ಇನ್ನೊಂದು ಮುರೀತೈತಿ ಅನ್ನೂ ಸಾಧನೆ ಚಿತ್ರದ ಜೋಡಿ. ನೀ ಕಳಿಸಿದ ನಾಲ್ಕರಾಗ ಮೂರು ಪೇಪರ್‌ನ್ಯಾಗ ಇದು ಬಂದೈತಿ. ಕಾರ್ನೊ 1824ರಾಗ ಇದರ ಬುನಾದಿ ಹಾಕಿದಾಗ ಶಾಖ ಒಂದು ದ್ರವ ಇದ್ದಂಗ ಅಂತ ನಂಬಿದ್ದ. ನಂಬಿಕಿ ತಪ್ಪಿತ್ತು, ದಕ್ಷತೆಯ ಮಿತಿ ಸರಿ ಇತ್ತು. 600 K ಮತ್ತ 300 K ನಡುವ ಮಿತಿ 50%. ಸೆಲ್ಸಿಯಸ್ ಹಾಕಿದ್ರ 1 − 27/327, ಅಂದ್ರ 91.7% ಬರತೈತಿ. ಉಷ್ಣತೆ ಕಂಡಲ್ಲೆಲ್ಲಾ ಮೊದಲ 273 ಕೂಡಿಸಿ ಬರಿ.

ಶುಕ್ರವಾರದಿಂದ ರವಿವಾರ ಎಂಟ್ರೊಪಿ. ಮೂರು ದಿನ ಯಾಕಂದ್ರ ಇದು ಮೊದಲ ದಿನ ತಿಳದಂಗ ಆಗತೈತಿ, ಎರಡನೇ ದಿನ ಏನೂ ತಿಳಿದಿಲ್ಲ ಅಂತ ಗೊತ್ತಾಗತೈತಿ. ಹಂಗಾದ್ರ ಹೆದರಬ್ಯಾಡ, ಎಲ್ಲಾರಿಗೂ ಆಗೂದ. ಜಳಕದ ನೀರಿನ ಲೆಕ್ಕದಿಂದ ಸುರು ಮಾಡು: 90 ಡಿಗ್ರಿಯ 1 ಕೆಜಿ ನೀರಿಗೆ 30 ಡಿಗ್ರಿಯ 1 ಕೆಜಿ ಬೆರಸಿದ್ರ 60 ಡಿಗ್ರಿ.

```
ಬಿಸಿ ನೀರು:   4.18 ln(333/363) = -0.361 kJ/K
ತಣ್ಣೀರು:     4.18 ln(333/303) = +0.395 kJ/K
ಒಟ್ಟು:                            +0.034 kJ/K
```

ಬಿಸಿ ಕಳಕೊಂಡ ಶಾಖ, ತಣ್ಣಂದು ಪಡೆದ ಶಾಖ ಸಮ. ಎಂಟ್ರೊಪಿ ಮಾತ್ರ ಸಮ ಇಲ್ಲ, ಆ 0.034 ಹೊಸದಾಗಿ ಹುಟ್ಟೇತಿ. ಅದಕ್ಕ ಬೆರೆತ ನೀರು ತಾನಾಗಿ ಮತ್ತ ಬಿಸಿ, ತಣ್ಣಗ ಬ್ಯಾರೆ ಆಗೂದಿಲ್ಲ. ಇಲ್ಲಿಯೂ ಗೆರಿ ನೋಡು: ಬರೀ ಬಿಸಿ ನೀರಿನ ಸುತ್ತ ಹಾಕಿದ್ರ ಎಂಟ್ರೊಪಿ ಕಡಿಮಿ ಆಗೇತಿ. ಕ್ಲಾಸಿಯಸ್ ಇನ್‌ಈಕ್ವಾಲಿಟಿಯ ಸಾಧನೆ ರವಿವಾರ ಎರಡು ಸಲ ಬರಿ. ಈ ರವಿವಾರ ಊರಿಗೆ ಹೋಗಬ್ಯಾಡ, ಅವ್ವಗ ನಾ ಹೇಳತೀನಿ.

ಮೂರನೇ ವಾರ, ಜೂನ್ 15ರಿಂದ 21

ರೀಡಿಂಗ್ ಹಾಲಿಡೇಸ್, ದಿನಕ್ಕ ಐದು ತಾಸು.

ಸೋಮವಾರ, ಮಂಗಳವಾರ ಸ್ಟೀಮ್ ಟೇಬಲ್. ಪರೀಕ್ಷೆಗೆ ಒಯ್ಯೂ ಪುಸ್ತಿಕಿಯಲ್ಲೇ ಅಭ್ಯಾಸ ಮಾಡು, ಪಿಡಿಎಫ್‌ನ್ಯಾಗ ಬ್ಯಾಡ, ಕೈಗೆ ಪುಟ ಗೊತ್ತಿರಬೇಕು. ಕುಕ್ಕರ್ ಒಳಗ ಒಟ್ಟು 2 ಬಾರ್ ಇದ್ರ ನೀರು ಎಷ್ಟಕ್ಕ ಕುದೀತೈತಿ ಹುಡುಕು, 120.2 ಸಿಗತೈತಿ. ಹುಬ್ಬಳ್ಳಿ ಸಮುದ್ರಮಟ್ಟಕ್ಕಿಂತ ಸುಮಾರು 650 ಮೀಟರ್ ಮ್ಯಾಲ ಐತಿ, ಇಲ್ಲಿ ತೆರೆದ ಪಾತ್ರಿಯೊಳಗ 98ರ ಸುತ್ತ ಕುದೀತೈತಿ.

ಆಮ್ಯಾಲ ಡ್ರೈನೆಸ್ ಫ್ರ್ಯಾಕ್ಷನ್. 10 ಬಾರ್, x = 0.9 ಇದ್ರ h = 762.8 + 0.9 × 2015.3 = 2576.6 kJ/kg. ಇದನ್ನ 1 ಬಾರ್‌ಗೆ ಥ್ರಾಟಲ್ ಮಾಡಿ x ಅಳೀಬಹುದಾ? ಅಲ್ಲಿ hg 2675ರ ಸುತ್ತ ಐತಿ, ನಮ್ಮದು ಅದಕ್ಕಿಂತ ಕೆಳಗ. ಉಗಿ ಸೂಪರ್‌ಹೀಟ್ ಆಗೂದ ಇಲ್ಲ, ಅಳತಿ ಬರೂದಿಲ್ಲ. ಇಲ್ಲಿ x ಸುಮಾರು 0.95 ದಾಟಿದ್ರಷ್ಟ ಥ್ರಾಟ್ಲಿಂಗ್ ಕ್ಯಾಲೊರಿಮೀಟರ್ ನಡೀತೈತಿ. "ಮಿತಿ ಏನು?" ಅಂತ ಎರಡು ಅಂಕಕ್ಕ ಕೇಳಿದ್ರ ಈ ಅಂಕಿ ಬರದು ಬಾ.

ಬುಧವಾರ ಆಟೊ, ಡೀಸೆಲ್, ರ‍್ಯಾಂಕಿನ್. ಸೂತ್ರ ಸಾಧನೆ ಆಟೊದ್ದು ಮಾತ್ರ ಪೂರ್ತಿ ಕಲಿ (r = 8 ಇದ್ರ 56.5%). ಉಳಿದದ್ದಕ್ಕ ಪಿ-ವಿ, ಟಿ-ಎಸ್ ಚಿತ್ರ ಮತ್ತ ಒಂದೊಂದು ಲೆಕ್ಕ.

ಗುರುವಾರ, ಶುಕ್ರವಾರ, ಶನಿವಾರ ಮುಂಜಾನೆ 9:30ರಿಂದ 12:30, ದಿನಕ್ಕೊಂದು ಹಳೆ ಪೇಪರ್. ಮೊಬೈಲ್ ಬ್ಯಾರೆ ಖೋಲಿಯೊಳಗ. 36 ನಿಮಿಷ ಆದ ಕೂಡ್ಲೆ ಲೆಕ್ಕ ಅರ್ಧ ಇದ್ರೂ ಮುಂದ ಹೋಗು. ಮಧ್ಯಾಹ್ನ ಫೋಟೊ ತಗದು ನನಗ ಕಳಿಸು, ರಾತ್ರಿ ಶಿಫ್ಟ್ ಮುಗಿಸಿ ತಿದ್ದತೀನಿ. ಉತ್ತರ ತಪ್ಪಿದ್ರ ಬೈಯೂದಿಲ್ಲ, ಚುಕ್ಕಿಗೆರಿ ಇಲ್ಲಂದ್ರ ಆ ಪುಟ ನೋಡೂದಿಲ್ಲ. ನಾಲ್ಕನೇ ಪೇಪರ್ ಮುಟ್ಟಬ್ಯಾಡ, ಅದು ಧೈರ್ಯ ಸಾಲದಿದ್ರ ರವಿವಾರಕ್ಕಿರಲಿ.

ನಡುವ ಜ್ವರ, ನೆಗಡಿ ಬಂದು ಒಂದೆರಡು ದಿನ ಹೋದ್ರ ಡೀಸೆಲ್ ಮತ್ತ ರ‍್ಯಾಂಕಿನ್ ಬಿಡು. ಎಂಟ್ರೊಪಿಯ ದಿನ ಕಡಿಮಿ ಮಾಡಬ್ಯಾಡ.

ರವಿವಾರ ಮುಂಜಾನೆ ತಪ್ಪಾದ ಲೆಕ್ಕಗಳ ಪುಟ ಅಷ್ಟ ತಿರುವಿ ಹಾಕು. ಸಂಜಿ ಹಾಲ್ ಟಿಕೆಟ್, ಐಡಿ, ಕ್ಯಾಲ್ಕುಲೇಟರ್, ಎರಡು ಪೆನ್ನು, ಪೆನ್ಸಿಲ್, ಸ್ಕೇಲು ಒಂದ ಕಡೆ ಇಡು. ಸ್ಟೀಮ್ ಟೇಬಲ್ ಪುಸ್ತಿಕಿಯೊಳಗ ನೀ ಪೆನ್ಸಿಲ್‌ನಿಂದ ಬರದಿದ್ದೆಲ್ಲಾ ರಬ್ಬರ್ ಹಚ್ಚಿ ಅಳಿಸು, ಇಲ್ಲಂದ್ರ ಬಾಗಿಲದಾಗ ಕಸಗೋತಾರ. ಹತ್ತಕ್ಕ ಮಲಗು. ಮುಂಜಾನೆ ಎದ್ದು ಒಂದ ಮಿಸ್ಡ್ ಕಾಲ್ ಕೊಡು.

ಅಕ್ಕ